ಪ್ಲಾನ್ ಬರೆಯುವ ಮುಂಚೆ: ಸಣ್ಣ ಊರಿನ ಒಂದು ಕಾರ್ಟನ್ ಘಟಕದ ಲೆಕ್ಕ

ಸಣ್ಣ ಉದ್ಯಮಗಳಿಗೆ ಬ್ಯಾಂಕ್ ಸಾಲದ ಪ್ರಾಜೆಕ್ಟ್ ರಿಪೋರ್ಟ್ ಬರೆದುಕೊಡುವುದು ನನ್ನ ಕೆಲಸ. ಬರುವವರಲ್ಲಿ ಹೆಚ್ಚಿನವರು ಮಷಿನ್ ಕೊಟೇಶನ್ ಕೈಯಲ್ಲಿ ಹಿಡಿದೇ ಬರುತ್ತಾರೆ. ಕಾರ್ಟನ್ ಬಾಕ್ಸ್ ಘಟಕ ಹಾಕಬೇಕು ಅಂತ ಬಂದ ಒಬ್ಬ ಮೇಡಂ ಕೂಡ ಹಾಗೇ ಬಂದರು. ತಿಂಗಳಿಗೆ 30 ಟನ್ ಮಾಡುವ ಸೆಮಿ ಆಟೋಮ್ಯಾಟಿಕ್ ಪ್ಲಾಂಟ್. "ಸರ್, ಊರಲ್ಲಿ ಎಲ್ಲರಿಗೂ ಬಾಕ್ಸ್ ಬೇಕು, ಮಾರಾಟದ ಚಿಂತೆ ಇಲ್ಲ" ಅಂದರು.

ಎಲ್ಲರಿಗೂ ಬಾಕ್ಸ್ ಬೇಕು ಅನ್ನೋದು ನಿಜವೇ. ಆದರೆ ಅದರಲ್ಲಿ ಲಾಭ ಯಾರ ಕೈ ಸೇರುತ್ತದೆ ಅನ್ನೋದು ಬೇರೆ ಪ್ರಶ್ನೆ. ಒಂದು ಉದ್ಯಮದ ಲಾಭವನ್ನು ಯಾರ್ಯಾರು ಹಂಚಿಕೊಳ್ಳುತ್ತಾರೆ ಅಂತ ನೋಡುವ ಕ್ರಮವನ್ನು ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕೆಲ್ ಪೋರ್ಟರ್ 1979ರಲ್ಲಿ ಐದು ಶಕ್ತಿಗಳಾಗಿ ವಿಂಗಡಿಸಿ ಬರೆದರು. ಸಣ್ಣ ಊರಿನ ಘಟಕಕ್ಕೆ ನಾನು ಅದರಲ್ಲಿ ಮೂರನ್ನು ಮೊದಲು ಹಿಡಿಯುತ್ತೇನೆ: ಇರುವವರ ನಡುವಿನ ಪೈಪೋಟಿ, ಮಾಲು ಕೊಡುವವರ ಹಿಡಿತ, ಹೊಸಬರು ಒಳಗೆ ಬರಲು ಇರುವ ಅಡ್ಡಿ. ಮೂರಕ್ಕೂ ನನ್ನದೊಂದು ನಿಯಮ ಇದೆ. ಕಂಡುಕೊಂಡಿದ್ದು ಪ್ಲಾನಿನ ಯಾವುದೋ ಒಂದು ಅಂಕಿಯನ್ನು ಬದಲಿಸಬೇಕು. "ಪೈಪೋಟಿ ಜಾಸ್ತಿ ಇದೆ" ಅಂತ ಒಂದು ಪ್ಯಾರಾ ಬರೆದು, ಮುಂದಿನ ಪುಟದಲ್ಲಿ ಮೊದಲ ವರ್ಷವೇ ಶೇ. 80 ಉತ್ಪಾದನೆ ಅಂತ ತೋರಿಸಿದರೆ ಆ ಪ್ಯಾರಾದಿಂದ ಏನೂ ಉಪಯೋಗ ಇಲ್ಲ.

ಮೊದಲು ಪೈಪೋಟಿ. ಯಾರು ಪೈಪೋಟಿದಾರರು ಅಂತ ಗುರುತಿಸಲು ಲಾರಿ ಬಾಡಿಗೆ ನೋಡಬೇಕು. ಕಾರ್ಟನ್ ಹಗುರ, ಆದರೆ ಜಾಗ ತಿನ್ನುತ್ತದೆ. ಮಡಚಿ ಕಟ್ಟಿದರೂ ಲಾರಿ ಹೊರಬಲ್ಲ ತೂಕ ಮುಟ್ಟುವ ಮುಂಚೆಯೇ ಜಾಗ ತುಂಬಿಬಿಡುತ್ತದೆ. ಹಾಗಾಗಿ ದೂರದಿಂದ ತಂದರೆ ಬಾಡಿಗೆ ಹೊರೆಯಾಗುತ್ತದೆ, ಹತ್ತಿರದ ಘಟಕಗಳೇ ನಿಜವಾದ ಎದುರಾಳಿಗಳು. ಇಲ್ಲಿ ಅಂಥವು ಮೂರಿದ್ದವು.

ಅವುಗಳ ಮಾಲೀಕರನ್ನು ಕೇಳಿದರೆ ಉತ್ಪಾದನೆ ಎಷ್ಟು ಅಂತ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ನಾವು ಬಾಕ್ಸ್ ಕೊಳ್ಳುವವರ ಗೋಡೌನ್‌ಗಳಿಗೆ ಹೋದೆವು. ಬಾಕ್ಸಿನ ಕೆಳಗಿನ ಮಡಿಕೆಯಲ್ಲಿ ತಯಾರಕರ ಹೆಸರು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವುದು ಸಾಮಾನ್ಯ. ಯಾರ ಬಾಕ್ಸ್, ಯಾವ ಸೈಜು, ತಿಂಗಳಿಗೆ ಎಷ್ಟು, ಒಂದು ಆರ್ಡರಿಗೆ ಎಷ್ಟು ಅಂತ ಬರೆದುಕೊಂಡೆವು. ಒಂದು ಬಾಕ್ಸ್ ತೂಗಿ ಸಂಖ್ಯೆಯಿಂದ ಗುಣಿಸಿದರೆ ಟನ್ ಲೆಕ್ಕ ಸಿಗುತ್ತದೆ. ಎಲ್ಲ ಕೂಡಿಸಿದಾಗ ಬೇಡಿಕೆ ತಿಂಗಳಿಗೆ ಸುಮಾರು 60 ಟನ್ ಬಂತು. ಮೂರು ಘಟಕಗಳ ಮಷಿನ್ ಅಳತೆ ಮತ್ತು ಪಾಳಿ ನೋಡಿದರೆ ಒಟ್ಟು ಸಾಮರ್ಥ್ಯ 100 ಟನ್. ಅಂದರೆ ಈಗಲೇ ಕಡಿಮೆ ಅಂದರೂ ಶೇ. 40ರಷ್ಟು ಸಾಮರ್ಥ್ಯ ಸುಮ್ನೆ ಕೂತಿದೆ. ಇದರ ಮೇಲೆ ಇನ್ನೊಂದು 30 ಟನ್ ಬಂದರೆ ಎಲ್ಲರೂ ಸೇರಿ ಅರ್ಧ ಸಾಮರ್ಥ್ಯವನ್ನೂ ಬಳಸುವುದಿಲ್ಲ.

ದೊಡ್ಡ ಮಾರುಕಟ್ಟೆಯಲ್ಲಿ ಒಬ್ಬ ಹೊಸಬ ಬಂದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಸಣ್ಣ ಊರಲ್ಲಿ ಒಂದೇ ಮಷಿನ್ ಬಂದರೂ ಊರಿನ ಸಾಮರ್ಥ್ಯ ಶೇ. 30ರಷ್ಟು ಏರಿಬಿಡುತ್ತದೆ. ಇರುವವರು ಅದನ್ನು ನೋಡುತ್ತಾ ಸುಮ್ಮನಿರಲ್ಲ. ಕಂತು, ಬಾಡಿಗೆ, ಕಾಯಂ ಕೆಲಸಗಾರರ ಸಂಬಳ ಮಷಿನ್ ನಿಂತರೂ ನಿಲ್ಲುವುದಿಲ್ಲವಲ್ಲ. ಪೇಪರ್ ಖರ್ಚು ಹುಟ್ಟಿ ಸ್ವಲ್ಪ ಉಳಿದರೂ ಸಾಕು ಅಂತ ಆರ್ಡರ್ ಹಿಡಿಯುತ್ತಾರೆ.

ಆದರೂ ಆ ಊರಲ್ಲಿ ಬಾಕ್ಸ್ ರೇಟ್ ಬಿದ್ದಿರಲಿಲ್ಲ. ಮೇಡಂ ಅದನ್ನೇ ತೋರಿಸಿ, "ಜಗಳ ಇದ್ದಿದ್ರೆ ರೇಟ್ ಇಳೀಬೇಕಿತ್ತು ಅಲ್ವಾ?" ಅಂದರು. ಒಳ್ಳೆಯ ಪ್ರಶ್ನೆ. ಸಣ್ಣ ಊರಲ್ಲಿ ಎಲ್ಲರ ರೇಟೂ ಎಲ್ಲರಿಗೂ ಗೊತ್ತು. ಒಬ್ಬರು ಇಳಿಸಿದರೆ ವಾರದೊಳಗೆ ಎಲ್ಲರೂ ಇಳಿಸಬೇಕಾಗುತ್ತದೆ. ಹಾಗಾಗಿ ಯಾರೂ ಮೊದಲು ರೇಟ್ ಮುಟ್ಟುವುದಿಲ್ಲ, ಉದ್ದರಿ ದಿನಗಳನ್ನು ಹಿಗ್ಗಿಸುತ್ತಾರೆ. ಗಿರಾಕಿಗಳ ಬಿಲ್ ತಾರೀಖು ಮತ್ತು ಹಣ ಕೊಟ್ಟ ತಾರೀಖು ಕೇಳಿ ನೋಡಿದೆವು. ಮೊದಲು 30 ದಿನ ಇದ್ದದ್ದು ಈಗ 60 ದಿನಕ್ಕೆ ಬಂದು ನಿಂತಿತ್ತು. ಪೈಪೋಟಿಯ ಬಿಸಿ ಅಳೆಯಲು ನನಗೆ ಇದಕ್ಕಿಂತ ನಂಬಿಕೆಯ ಗುರುತು ಬೇರೆ ಸಿಕ್ಕಿಲ್ಲ.

ಇನ್ನು ಮಾಲು ಕೊಡುವವರು. ಕಾರ್ಟನ್ನಿನ ಮುಖ್ಯ ಮಾಲು ಕ್ರಾಫ್ಟ್ ಪೇಪರ್. ಮಿಲ್ಲುಗಳು ಲಾರಿ ಲೋಡ್ ಲೆಕ್ಕದಲ್ಲಿ ಮಾರುತ್ತವೆ, ಸಣ್ಣವರು ಡೀಲರ್ ಹತ್ತಿರ ರೀಲ್ ಲೆಕ್ಕದಲ್ಲಿ ಕೊಳ್ಳುತ್ತಾರೆ. ಇಲ್ಲಿ ಇಬ್ಬರು ಡೀಲರ್‌ಗಳಿದ್ದರು. ಒಬ್ಬರಲ್ಲದಿದ್ದರೆ ಇನ್ನೊಬ್ಬರು ಅಂತ ಮೇಡಂ ಧೈರ್ಯವಾಗಿದ್ದರು. ಆದರೆ ರೀಲಿನ ಮೇಲಿನ ಲೇಬಲ್ ನೋಡಿದಾಗ ಇಬ್ಬರಿಗೂ ಪೇಪರ್ ಬರುತ್ತಿದ್ದದ್ದು ಅದೇ ಎರಡು ಮಿಲ್ಲುಗಳಿಂದ. ಮಿಲ್ ರೇಟ್ ಏರಿಸಿದ ದಿನ ಇಬ್ಬರೂ ಏರಿಸುತ್ತಾರೆ. ಎಷ್ಟು ಜನ ಮಾರುತ್ತಾರೆ ಅಂತ ಎಣಿಸಿದರೆ ಸಾಲದು, ಮಾಲು ಎಷ್ಟು ಮೂಲಗಳಿಂದ ಬರುತ್ತದೆ ಅಂತ ಎಣಿಸಬೇಕು.

ಆ ಮಿಲ್ಲಿನ ರೇಟೂ ಪೂರ್ತಿ ಮಿಲ್ಲಿನ ಕೈಯಲ್ಲಿಲ್ಲ. ಕ್ರಾಫ್ಟ್ ಪೇಪರ್ ಬಹಳಷ್ಟು ಕಡೆ ರದ್ದಿ ಕಾಗದ ಮತ್ತು ಹಳೆಯ ಕಾರ್ಟನ್‌ನಿಂದಲೇ ತಯಾರಾಗುತ್ತದೆ, ಅದರ ವ್ಯಾಪಾರ ದೇಶದೇಶಗಳ ನಡುವೆ ನಡೆಯುತ್ತದೆ. 2021ರ ಜನವರಿಯಿಂದ ಚೀನಾ ರದ್ದಿ ಆಮದನ್ನು ಪೂರ್ತಿ ನಿಲ್ಲಿಸಿತು. ರದ್ದಿ ಬದಲಿಗೆ ಅಲ್ಲಿನ ಕಾರ್ಖಾನೆಗಳು ಹೊರಗಡೆಯಿಂದ ಪಲ್ಪನ್ನೂ ತಯಾರಾದ ಕ್ರಾಫ್ಟ್ ಪೇಪರನ್ನೂ ಹೆಚ್ಚು ಕೊಳ್ಳತೊಡಗಿದವು. ಹೀಗೆ ಎಲ್ಲೋ ಬದಲಾದ ನಿಯಮ ಸಣ್ಣ ಊರಿನ ಬಾಕ್ಸ್ ತಯಾರಕರ ಖರ್ಚಿಗೂ ಬಂದು ತಾಗುತ್ತದೆ.

ಎಷ್ಟು ತಾಗುತ್ತದೆ ಅಂತ ಲೆಕ್ಕ ಹಾಕೋಣ. ಬಾಕ್ಸಿನ ಮಾರಾಟ ಬೆಲೆ 100 ಅಂತಿಟ್ಟುಕೊಳ್ಳಿ. ಈ ಕೇಸಿನಲ್ಲಿ ಪೇಪರ್ 65. ಅಂಟು, ಇಂಕು, ಪಿನ್ ತಂತಿ, ಕರೆಂಟ್ ಸೇರಿ 8. ಕೂಲಿ 10, ಸಾಗಣೆ 5, ಬಾಡಿಗೆ ಮತ್ತು ಬಡ್ಡಿ 6. ಉಳಿಯುವುದು 6. ಈಗ ಪೇಪರ್ ಶೇ. 10 ಏರಿದರೆ ಖರ್ಚು ಆರೂವರೆ ಜಾಸ್ತಿ ಆಗುತ್ತದೆ. ಇದ್ದ 6 ಪೂರ್ತಿ ಹೋಗಿ, ಅದರ ಮೇಲೆ 0.5 ನಷ್ಟ. ಮಾರನೇ ದಿನವೇ ಗಿರಾಕಿಗೆ ರೇಟ್ ಏರಿಸಿದರೆ ತೊಂದರೆ ಇಲ್ಲ. ಆದರೆ ಖಾಲಿ ಕೂತ ಮೂರು ಘಟಕಗಳಿರುವ ಊರಲ್ಲಿ ಯಾರು ಮೊದಲು ಏರಿಸುತ್ತಾರೆ? ಹಳೆಯ ಬಿಲ್ಲುಗಳಲ್ಲಿ ನೋಡಿದರೆ ಪೇಪರ್ ಏರಿ ಎರಡು ತಿಂಗಳಾದ ಮೇಲೆ ಬಾಕ್ಸ್ ರೇಟ್ ಏರಿತ್ತು. ಮಿಲ್ಲಿನ ಹಿಡಿತ ಒಂದು ಕಡೆ, ಗಿರಾಕಿಯ ಮುಂದೆ ಪೈಪೋಟಿ ಇನ್ನೊಂದು ಕಡೆ. ನಡುವಿನ ಆ ಎರಡು ತಿಂಗಳ ನಷ್ಟವನ್ನು ಪ್ಲಾನಿನಲ್ಲಿ ತೋರಿಸಲೇಬೇಕು. ವರ್ಷಕ್ಕೆ ಒಮ್ಮೆಯಾದರೂ ಹೀಗಾಗುತ್ತದೆ ಅಂತಲೇ ನಾನು ಬರೆಯುತ್ತೇನೆ.

ಮೂರನೆಯದು ಒಳಗೆ ಬರುವ ಅಡ್ಡಿ. ಇದನ್ನು ಜನ ಒಂದೇ ಕಡೆಯಿಂದ ನೋಡುತ್ತಾರೆ: ನಾನು ಒಳಗೆ ಹೋಗುವುದು ಸುಲಭವೇ? ಮಷಿನ್‌ಗೆ ಸಾಲ ಸಿಗುತ್ತದೆ, ಸೆಕೆಂಡ್ ಹ್ಯಾಂಡ್ ಕೂಡ ಸಿಗುತ್ತದೆ, ಕೆಲಸ ಕಲಿತವರಿದ್ದಾರೆ. ಸುಲಭವೇ. ಆದರೆ ಅದೇ ಬಾಗಿಲು ಮುಂದಿನ ವರ್ಷ ಇನ್ನೊಬ್ಬರಿಗೂ ತೆರೆದಿರುತ್ತದೆ. ನಿಮ್ಮ ಬಳಿ ಲಾಭ ಕಂಡ ಕೂಡಲೇ ಅವರು ಬರುತ್ತಾರೆ. ಜೊತೆಗೆ ಹೊರಗೆ ಹೋಗುವ ದಾರಿ ಕಿರಿದು. ಹಳೇ ಮಷಿನ್ ಮಾರಿದರೆ ಸಾಲ ತೀರುವುದಿಲ್ಲ, ಹಾಗಾಗಿ ನಷ್ಟದಲ್ಲಿದ್ದರೂ ಯಾರೂ ಮುಚ್ಚುವುದಿಲ್ಲ. ಬರುವುದು ಸುಲಭ, ಬಿಡುವುದು ಕಷ್ಟ ಅನ್ನುವ ಇಂಥ ಉದ್ಯಮದಲ್ಲಿ ಹೆಚ್ಚುವರಿ ಸಾಮರ್ಥ್ಯ ತಾನಾಗಿ ಕರಗುವುದಿಲ್ಲ.

ನಿಜವಾದ ಅಡ್ಡಿ ಮಷಿನ್ ಬಂದ ಮೇಲೆ ಶುರುವಾಗುತ್ತದೆ. ಪೇಪರ್ 15 ದಿನ ಸ್ಟಾಕ್ ಇರಬೇಕು. ತಯಾರಾಗಿ ಹೊರಡಲು 5 ದಿನ. ಗಿರಾಕಿ ದುಡ್ಡು ಕೊಡಲು 60 ದಿನ. ಡೀಲರ್ ಹೊಸಬರಿಗೆ ಕೊಡುವ ಉದ್ದರಿ 15 ದಿನ. ಕೂಡಿ ಕಳೆದರೆ 65 ದಿನದ ಓಟಕ್ಕೆ ಬೇಕಾದ ಹಣ ಕೈಯಲ್ಲಿರಬೇಕು. ಅಂದರೆ ಹೆಚ್ಚುಕಡಿಮೆ ಎರಡು ತಿಂಗಳ ಮಾರಾಟದಷ್ಟು. ಮೇಡಂ ತಂದಿದ್ದ ಕರಡಿನಲ್ಲಿ ವರ್ಕಿಂಗ್ ಕ್ಯಾಪಿಟಲ್ ಮೂರು ವಾರದ್ದಿತ್ತು. ಆ ಲೆಕ್ಕದಲ್ಲಿ ಘಟಕ ಮೊದಲ ಗಿರಾಕಿಯ ಚೆಕ್ ಬರುವ ಮುಂಚೆಯೇ ಪೇಪರಿಗೆ ದುಡ್ಡಿಲ್ಲದೆ ನಿಲ್ಲುತ್ತಿತ್ತು.

ಇಷ್ಟಾದ ಮೇಲೆ ಘಟಕವೇ ಬೇಡ ಅಂತ ಹೇಳಿ ಕಳಿಸಬಹುದಿತ್ತು. ಆದರೆ ಗೋಡೌನ್‌ಗಳಲ್ಲಿ ಬರೆದುಕೊಂಡ ಹಾಳೆಯಲ್ಲಿ ಇನ್ನೊಂದು ವಿಷಯ ಇತ್ತು. 60 ಟನ್ನಿನಲ್ಲಿ ಸುಮಾರು 9 ಟನ್ ಸಣ್ಣ ಆರ್ಡರ್‌ಗಳು, ಒಂದೊಂದು ಸೈಜು 500 ಬಾಕ್ಸಿಗಿಂತ ಕಡಿಮೆ. ಮೂರು ಘಟಕಗಳೂ ಅವನ್ನು ತೆಗೆದುಕೊಳ್ಳಲು ಒಪ್ಪುತ್ತಿರಲಿಲ್ಲ. ಸೈಜ್ ಬದಲಿಸಿದಾಗಲೆಲ್ಲ ಮಷಿನ್ ನಿಲ್ಲಿಸಿ ಸೆಟ್ ಮಾಡಬೇಕು, ಅಷ್ಟು ಹೊತ್ತಿಗೆ ದೊಡ್ಡ ಆರ್ಡರ್ ಅರ್ಧ ಮುಗಿದಿರುತ್ತದೆ. ಆ ಗಿರಾಕಿಗಳು ದೂರದ ವ್ಯಾಪಾರಿಯಿಂದ ತರಿಸಿಕೊಳ್ಳುತ್ತಿದ್ದರು. ಇಲ್ಲಿ 100 ಇರುವ ಬಾಕ್ಸಿಗೆ ಅವರು 118 ಕೊಡುತ್ತಿದ್ದರು.

ಅಲ್ಲಿಂದ ಪ್ಲಾನ್ ಬೇರೆ ದಾರಿ ಹಿಡಿಯಿತು. ಪೇಪರಿನಿಂದ ರಟ್ಟು ಮಾಡುವ ಕಾರುಗೇಶನ್ ಮಷಿನ್ ಕೊಳ್ಳುವುದೇ ಬೇಡ. ಊರಲ್ಲಿ ಖಾಲಿ ಕೂತಿರುವ ಘಟಕಗಳಿಂದಲೇ ತಯಾರಾದ ಶೀಟ್ ಕೊಳ್ಳುವುದು. ಪ್ರಿಂಟಿಂಗ್, ಕಟಿಂಗ್, ಡೈ ಪಂಚಿಂಗ್, ಪಿನ್ ಹೊಡೆಯುವುದು ಮಾತ್ರ ನಮ್ಮದು. ಎದುರಾಳಿಯೇ ಮಾಲು ಕೊಡುವವನಾಗುತ್ತಾನೆ. ಅವನ ಮಷಿನ್‌ಗೂ ಕೆಲಸ ಸಿಗುತ್ತದೆ, ಊರಿನ ಸಾಮರ್ಥ್ಯವೂ ಏರುವುದಿಲ್ಲ. ಲೆಕ್ಕ ಹೀಗೆ: ಮಾರಾಟ 118, ಶೀಟ್ 78, ಉಳಿದ ಎಲ್ಲ ಖರ್ಚು 28, ಕೈಗೆ 12. ಪೇಪರ್ ಶೇ. 10 ಏರಿ ಆ ಆರೂವರೆಯನ್ನು ಶೀಟಿನವರು ಪೂರ್ತಿ ನಮ್ಮ ಮೇಲೆ ಹಾಕಿದರೂ ಐದೂವರೆ ಉಳಿಯುತ್ತದೆ.

ಇದರಲ್ಲಿ ಅಪಾಯ ಇಲ್ಲ ಅಂತಲ್ಲ. ಶೀಟ್ ಕೊಡುವವರು ಯಾವತ್ತು ಬೇಕಾದರೂ ಕೊಡುವುದನ್ನು ನಿಲ್ಲಿಸಬಹುದು. ಅದಕ್ಕೆ ಇಬ್ಬರಿಂದ ಕೊಳ್ಳಬೇಕು, ಒಬ್ಬರ ಪಾಲು ಮೂರನೇ ಎರಡು ಭಾಗ ಮೀರಬಾರದು ಅಂತ ಪ್ಲಾನಿನಲ್ಲೇ ಬರೆದೆವು. ಹೊಸಬರಿಗೆ ಅಡ್ಡಿ ಏನು ಅಂತ ಬ್ಯಾಂಕಿನವರು ಖಂಡಿತ ಕೇಳುತ್ತಾರೆ. ಸಣ್ಣ ಆರ್ಡರಿನಲ್ಲಿ ಆ ಅಡ್ಡಿ ಡೈ ಮತ್ತು ಸ್ಟೀರಿಯೋಗಳಿಂದ ಬರುತ್ತದೆ. ಪ್ರತಿ ಗಿರಾಕಿಯ ಪ್ರತಿ ಸೈಜಿಗೂ ಕತ್ತರಿಸುವ ಡೈ, ಹೆಸರು ಅಚ್ಚೊತ್ತುವ ರಬ್ಬರ್ ಸ್ಟೀರಿಯೋ ಮಾಡಿಸಬೇಕು. ಅವು ನಮ್ಮ ರ‍್ಯಾಕಿನಲ್ಲಿದ್ದರೆ ಗಿರಾಕಿ 200 ಬಾಕ್ಸಿಗೆ ಫೋನ್ ಮಾಡಿದ ಎರಡನೇ ದಿನ ಮಾಲು ಕೊಡಬಹುದು. ಬೇರೆಯವರ ಹತ್ತಿರ ಹೋದರೆ ಆತ ಮತ್ತೆ ಡೈ ಮಾಡಿಸಿ ಕಾಯಬೇಕು. ದೊಡ್ಡ ಗೋಡೆಯೇನಲ್ಲ, ಆದರೆ ಸಣ್ಣ ಆರ್ಡರಿನ ಗಿರಾಕಿಯನ್ನು ಹಿಡಿದಿಡಲು ಸಾಕು.

ಅಂತಿಮ ಪ್ಲಾನಿನಲ್ಲಿ ಮೊದಲ ವರ್ಷದ ಮಾರಾಟ ತಿಂಗಳಿಗೆ 5 ಟನ್ ಅಂತ ಹಾಕಿದೆವು, ಸಿಗಬಹುದಾದ 9ರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಮಷಿನ್ ಸಾಲ ಕಡಿಮೆಯಾಯಿತು, ವರ್ಕಿಂಗ್ ಕ್ಯಾಪಿಟಲ್ ಮಾತ್ರ ಎಚ್ಚರಿಕೆಗೆ ಎರಡು ತಿಂಗಳದ್ದೇ ಇಟ್ಟೆವು. ಸಣ್ಣ ಗಿರಾಕಿಗಳಿಗೆ ಉದ್ದರಿ 30 ದಿನ ಅಂತ ಮೊದಲೇ ಗೊತ್ತುಮಾಡಿಕೊಂಡರು. ಊರಲ್ಲಿ ಬೇರೆ ಯಾರೂ ಆ ಮಾಲು ಕೊಡಲು ಮುಂದೆ ಬರದ ಕಾರಣ ಅವರೂ ಒಪ್ಪಿದರು.

ಮೇಡಂ ಈಗಲೂ ಆರು ತಿಂಗಳಿಗೊಮ್ಮೆ ಅದೇ ಹಾಳೆ ತೆಗೆದುಕೊಂಡು ಗೋಡೌನ್ ಸುತ್ತುತ್ತಾರೆ. ಅವರು ಮುಖ್ಯವಾಗಿ ನೋಡುವುದು ಎರಡೇ: ದೊಡ್ಡ ಗಿರಾಕಿಗಳ ಉದ್ದರಿ 60 ದಿನದಿಂದ ಮುಂದೆ ಹೋಗಿದೆಯಾ, ಮೂರು ಘಟಕಗಳಲ್ಲಿ ಯಾರಾದರೂ 500ಕ್ಕಿಂತ ಕಡಿಮೆ ಆರ್ಡರ್ ತೆಗೆದುಕೊಳ್ಳಲು ಶುರುಮಾಡಿದ್ದಾರಾ. ಮೊದಲನೆಯದು ಕಂಡರೆ ಎರಡನೆಯದು ಬರಲು ಹೆಚ್ಚು ದಿನ ಬೇಕಾಗುವುದಿಲ್ಲ. ಆಗ 118ರ ಲೆಕ್ಕವನ್ನು 108ಕ್ಕೆ ಇಳಿಸಿ ಮತ್ತೆ ಹಾಕಿ ನೋಡಬೇಕು.