ಶಿಮೊಗ್ಗನಾ, ಶಿವಮೊಗ್ಗನಾ?

ಊರಿನ ಸುತ್ತಮುತ್ತಲ ಜಾಗಗಳ ವಿಡಿಯೋ ರೆಡಿ. ಹೆಸರಿಗೆ shimoga tourist places ಇಡಲೋ, shivamogga tourist places ಇಡಲೋ? 2014ರಲ್ಲೇ ಸರ್ಕಾರ ಶಿವಮೊಗ್ಗ ಎಂದು ಬದಲಿಸಿದೆ. ಆದರೆ ಹುಡುಕುವವರ ಬೆರಳಿಗೆ ಸರ್ಕಾರಿ ಆದೇಶ ಗೊತ್ತಿರುತ್ತಾ?

ಯಾವ ಪದವನ್ನು ಜನ ಹೆಚ್ಚು ಹುಡುಕುತ್ತಾರೆ ಎಂದು ಗೆರೆ ಎಳೆದು ತೋರಿಸುವ ಗೂಗಲ್ ಟ್ರೆಂಡ್ಸ್‌ನಲ್ಲಿ ಎರಡನ್ನೂ ಹಾಕಿದೆ. ಬರೆಯುವಾಗ ಕೆಳಗೆ ಬರುವ ಊರಿನ ಸಲಹೆ ಒತ್ತಲಿಲ್ಲ. ಅದು 'ಟಾಪಿಕ್', ಎರಡೂ ಸ್ಪೆಲಿಂಗನ್ನು ಒಂದೇ ಗೆರೆಗೆ ಸೇರಿಸಿಬಿಡುತ್ತದೆ. ನನಗೆ ಬೇಕಿದ್ದದ್ದು 'ಸರ್ಚ್ ಟರ್ಮ್', ಅಂದರೆ ಬರೆದ ಸ್ಪೆಲಿಂಗಿನ ಲೆಕ್ಕವಷ್ಟೇ. ಜಾಗ ಕರ್ನಾಟಕ, ಅವಧಿ ಐದು ವರ್ಷ. ಮುಖ್ಯವಾಗಿ, ವೆಬ್ ಸರ್ಚ್ ಎಂದಿರುವುದನ್ನು ಯೂಟ್ಯೂಬ್ ಸರ್ಚ್‌ಗೆ ಬದಲಿಸಬೇಕು. ವಿಡಿಯೋ ಹುಡುಕುವವರು ಬೇರೆ, ಹೋಟೆಲ್ ಹುಡುಕುವವರು ಬೇರೆ ಅಲ್ವಾ.

ಬದಲಿಸಿದ ಕೂಡಲೇ ಗೆರೆಗಳು ಸೊನ್ನೆಗೂ ನೂರಕ್ಕೂ ಕುಣಿಯತೊಡಗಿದವು. ಇಲ್ಲಿ ನೂರು ಎಂದರೆ ನೂರು ಜನ ಅಲ್ಲ, ಆ ಚಾರ್ಟಿನ ಅತಿ ಎತ್ತರದ ಬಿಂದು ಅಷ್ಟೇ. ಸೊನ್ನೆ ಎಂದರೂ ಯಾರೂ ಹುಡುಕಿಲ್ಲ ಎಂದಲ್ಲ, ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಹೀಗೆ ಕುಣಿಯುವ ಗೆರೆ ನೋಡಿ ಗೆದ್ದವರು ಯಾರು ಎನ್ನುವುದು ಸುಮ್ನೆ ಹಟ. ಅದೂ ಅಲ್ಲದೆ ಅವರು ತೆಗೆಯುವುದು ಸ್ಯಾಂಪಲ್, ನಾಳೆ ನೋಡಿದರೆ ಸ್ವಲ್ಪ ಬೇರೆಯೇ ಇರಬಹುದು.

ಬರೀ shimoga, shivamogga ಹಾಕಿದರೆ ಗೆರೆ ನಯವಾಗುತ್ತದೆ. ಆದರೆ ಅದರೊಳಗೆ ಸುದ್ದಿ, ಮಳೆ, ಅಡಿಕೆ ರೇಟು ಹುಡುಕಿದವರೂ ಸೇರಿರುತ್ತಾರೆ. ಯಾವ ಸ್ಪೆಲಿಂಗ್ ಕೈಗೆ ಜಾಸ್ತಿ ಬರುತ್ತದೆ ಎಂದು ತಿಳಿಯಲು ಅಷ್ಟು ಸಾಕು.

ಕೊನೆಗೆ ಮೇಲಿದ್ದ ಗೆರೆಯ ಸ್ಪೆಲಿಂಗ್ ಶೀರ್ಷಿಕೆಗೆ, ಇನ್ನೊಂದು ವಿವರಣೆಯ ಮೊದಲ ಸಾಲಿಗೆ. ತಂಗಿ ಮಾತ್ರ ಥಂಬ್‌ನೇಲ್ ಸರಿಯಿಲ್ಲ ಅಂತಿದ್ದಾಳೆ. ಅದಕ್ಕೆ ಚಾರ್ಟ್ ಇಲ್ಲ.