ಹಲ್ಲಿಗೊಂದು, ಮಂಡಿಗೊಂದು

ದೊಡ್ಡಮ್ಮನ ಮಾತ್ರೆ ಡಬ್ಬಿಯಲ್ಲಿ ಎರಡು ತುಂಡು ಸ್ಟ್ರಿಪ್‌ಗಳಿದ್ದವು. ಒಂದು ಹಲ್ಲಿನ ಡಾಕ್ಟರ್ ಕೊಟ್ಟಿದ್ದು, ಇನ್ನೊಂದು ಹಿಂದೆ ಯಾವಾಗಲೋ ಮಂಡಿನೋವಿಗೆ ಮೆಡಿಕಲ್‌ನಿಂದ ತಂದಿದ್ದು. ಎರಡೂ ನೋವಿನ ಮಾತ್ರೆಗಳೇ. ದೊಡ್ಡಮ್ಮ ಬೆಳಿಗ್ಗೆ ರಾತ್ರಿ ಹಲ್ಲಿನದು, ಮಧ್ಯಾಹ್ನ ಸಂಜೆ ಮಂಡಿಯದು ಅಂತ ತಗೊಳ್ಳುತ್ತಿದ್ದರು.

ಮುಂದೆ ದಪ್ಪಕ್ಷರದಲ್ಲಿ ಇರೋದು ಕಂಪನಿ ಇಟ್ಟ ಹೆಸರು. ಅದರಿಂದ ಏನೂ ಗೊತ್ತಾಗಲ್ಲ. ಹಿಂದಿನ ಸಣ್ಣಕ್ಷರದ ಫೋಟೋ ತೆಗೆದು ದೊಡ್ಡದು ಮಾಡಿ ಓದಿದೆ. ಮಂಡಿಯದರಲ್ಲಿ ಐಬುಪ್ರೊಫೆನ್ 400 ಮಿ.ಗ್ರಾಂ, ಪ್ಯಾರಾಸಿಟಮಾಲ್ 325. ಹಲ್ಲಿನದನ್ನು ಕತ್ತರಿಸಿ ಕೊಟ್ಟಿದ್ದರಿಂದ ಅರ್ಧ ಅಕ್ಷರವೇ ಹೋಗಿತ್ತು. ಚೀಟಿ ನೋಡಿದಾಗ ತಿಳಿಯಿತು: ಡೈಕ್ಲೊಫೆನಾಕ್ 50, ಪ್ಯಾರಾಸಿಟಮಾಲ್ 325.

"ಎರಡರಲ್ಲೂ ಪ್ಯಾರಾಸಿಟಮಾಲ್ ಇದೆ, ಅದೇ ಜಾಸ್ತಿ ಆಯ್ತೇನೋ?" ಅಂದರು ದೊಡ್ಡಮ್ಮ. ಲೆಕ್ಕ ಹಾಕಿದೆ. ದಿನಕ್ಕೆ ನಾಲ್ಕು ಮಾತ್ರೆ, 1300 ಮಿ.ಗ್ರಾಂ. ದೊಡ್ಡವರಿಗೆ ದಿನದ ಮಿತಿ 4000. ಅದಲ್ಲ ತೊಂದರೆ. ಉಳಿದ ಅರ್ಧದಲ್ಲಿರುವ ಡೈಕ್ಲೊಫೆನಾಕ್ ಮತ್ತು ಐಬುಪ್ರೊಫೆನ್ ಹೆಸರು ಬೇರೆಯಾದರೂ ಒಂದೇ ಗುಂಪಿನವು, ಕೆಲಸವೂ ಒಂದೇ. ಹಲ್ಲು ಯಾವುದು, ಮಂಡಿ ಯಾವುದು ಅಂತ ಮಾತ್ರೆಗೆ ಗೊತ್ತಿರಲ್ಲ ಅಲ್ವಾ? ಎರಡನ್ನೂ ಸೇರಿಸಿ ತಗೊಂಡರೆ ನೋವು ಅಷ್ಟೇನೂ ಜಾಸ್ತಿ ಇಳಿಯಲ್ಲ, ಅಪಾಯ ಮಾತ್ರ ಕೂಡುತ್ತದೆ.

ನೋವು ಹುಟ್ಟಿಸುವ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುವನ್ನು ಇವು ತಡೆಯುತ್ತವೆ. ಆದರೆ ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಯುವುದೂ ಅದೇ ವಸ್ತು. ಹಾಗಾಗಿ ಹುಣ್ಣು, ರಕ್ತಸ್ರಾವ ಆಗಬಹುದು. ಊಟ ಮಾಡಿ ತಗೊಂಡರೆ ಉರಿ ಕಮ್ಮಿಯಾಗಬಹುದು, ಆದರೆ ಹುಣ್ಣಿನ ಭಯ ಹೋಗಲ್ಲ. ಮಾತ್ರೆ ರಕ್ತ ಸೇರಿದ ಮೇಲೂ ಆ ತಡೆ ಇದ್ದೇ ಇರುತ್ತದೆ. ಮಲ ಡಾಂಬರಿನ ಹಾಗೆ ಕಪ್ಪಗಾದರೆ ಆಸ್ಪತ್ರೆಗೆ ಓಡಬೇಕು.

ನನಗೆ ಹೆಚ್ಚು ಭಯ ಆಗಿದ್ದು ಕಿಡ್ನಿಯದು. ದೊಡ್ಡಮ್ಮನ ಬಿಪಿ ಮಾತ್ರೆಯಲ್ಲಿ ಟೆಲ್ಮಿಸಾರ್ಟಾನ್ ಜೊತೆ ನೀರು ಇಳಿಸುವ ಹೈಡ್ರೋಕ್ಲೋರೋಥಯಾಝೈಡ್ ಇತ್ತು. ನೋವಿನ ಮಾತ್ರೆ ಕಿಡ್ನಿಗೆ ರಕ್ತ ಒಳಬರುವ ನಾಳವನ್ನು ಕಿರಿದು ಮಾಡುತ್ತದೆ, ಟೆಲ್ಮಿಸಾರ್ಟಾನ್ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ, ಮೂರನೆಯದು ಮೈಯ ನೀರು ಕಮ್ಮಿ ಮಾಡುತ್ತದೆ. ಮೂರೂ ಸೇರಿದರೆ ಸೋಸಲು ಬೇಕಾದ ಒತ್ತಡವೇ ಕುಸಿಯಬಹುದು. ಸಾಲದ್ದಕ್ಕೆ ಹಲ್ಲುನೋವು ಅಂತ ಅವರು ನೀರೂ ಸರಿಯಾಗಿ ಕುಡಿಯುತ್ತಿರಲಿಲ್ಲ. ಮೂತ್ರ ಕಮ್ಮಿ ಆಗಿದೆಯಾ, ಕಾಲು ಊದಿದೆಯಾ ಅಂತ ಕೇಳಿದೆ. "ಇಲ್ಲಪ್ಪ" ಅಂದರು. ಆದರೆ ಶುರುವಿನಲ್ಲಿ ಏನೂ ಕಾಣಿಸದೆಯೂ ಇರಬಹುದು.

ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿದೆ. ಬಿಪಿ ಮಾತ್ರೆ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ನೋವಿನ ಆ ಎರಡೂ ಮಾತ್ರೆ ನಿಲ್ಲಿಸಿ ಬರೀ ಪ್ಯಾರಾಸಿಟಮಾಲ್ ಕೊಡಿ, ಕಿಡ್ನಿ ಹೇಗಿದೆ ಅಂತ ತಿಳಿಯಲು ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ ಅಂದರು. ರಿಪೋರ್ಟ್ ಸರಿಯಾಗಿ ಬಂತು.

"ಹಾಗಾದ್ರೆ ಮಂಡಿಗೆ?" ಅಂತ ದೊಡ್ಡಮ್ಮ ಹಚ್ಚುವ ಜೆಲ್ ತೋರಿಸಿದರು. ಅದರ ಮೇಲೂ ಡೈಕ್ಲೊಫೆನಾಕ್ ಅಂತಲೇ ಇತ್ತು. ಚರ್ಮದಿಂದ ರಕ್ತಕ್ಕೆ ಸೇರುವುದು ತುಂಬಾ ಕಮ್ಮಿ. ಆದರೂ ಬಿಪಿ ಡಾಕ್ಟರನ್ನು ಕೇಳಿಯೇ ಹಚ್ಚಿದರು.