ತಾಮ್ರದ ತುಂಡು ತೂಗಿ ಯೂನಿಟ್ ಸೆಲ್‌ನಲ್ಲಿ ಎಷ್ಟು ಪರಮಾಣು ಅಂತ ನೋಡೋ ಪ್ರಾಜೆಕ್ಟ್: ಇಲ್ಲಿವರೆಗೆ ಆಗಿರೋದು

ಪ್ರಾಜೆಕ್ಟ್ ಏನು ಅಂದ್ರೆ, ಯೂನಿಟ್ ಸೆಲ್‌ನ, ಅಂದ್ರೆ ಹರಳಿನಲ್ಲಿ ಮತ್ತೆ ಮತ್ತೆ ಬರೋ ಅತಿ ಸಣ್ಣ ಘನದ, ಅಂಚಿನ ಉದ್ದ ಮತ್ತೆ ಅದರೊಳಗಿನ ಪರಮಾಣುಗಳ ಸಂಖ್ಯೆ ಇಟ್ಕೊಂಡು ತಾಮ್ರದ ಸಾಂದ್ರತೆ ಲೆಕ್ಕ ಹಾಕೋದು, ಆಮೇಲೆ ಕೈಯಲ್ಲಿರೋ ತಾಮ್ರದ ತುಂಡನ್ನ ನಿಜವಾಗಿ ತೂಗಿ ಆ ಲೆಕ್ಕ ಎಷ್ಟು ಹೊಂದತ್ತೆ ನೋಡೋದು. ಲೆಕ್ಕದ ಭಾಗ ಮುಗೀತು, ತೂಕದ ಭಾಗಾನೂ ಒಂದು ಹಂತಕ್ಕೆ ಬಂತು, ಅದಕ್ಕೆ ಬರೀತಿದೀನಿ.

ಮೊದಲು ಲೆಕ್ಕ. ತಾಮ್ರದ್ದು ಎಫ್‌ಸಿಸಿ ರಚನೆ, ಅಂದ್ರೆ ಘನದ ಎಂಟು ಮೂಲೆಲೂ ಪರಮಾಣು, ಆರು ಮುಖಗಳ ಮಧ್ಯದಲ್ಲೂ ಒಂದೊಂದು. ಮೂಲೆಯಲ್ಲಿರೋದನ್ನ ಎಂಟು ಸೆಲ್‌ಗಳು ಹಂಚ್ಕೊಳ್ಳೋದ್ರಿಂದ ಒಂದು ಸೆಲ್‌ಗೆ ಎಂಟರಲ್ಲಿ ಒಂದು ಪಾಲು, ಹಂಗಾಗಿ ಎಂಟು ಮೂಲೆ ಸೇರಿ ಒಂದು ಪರಮಾಣು, ಮುಖದಲ್ಲಿರೋದು ಅರ್ಧರ್ಧ ಆದ್ರಿಂದ ಆರು ಮುಖಕ್ಕೆ ಮೂರು, ಒಟ್ಟು ನಾಲ್ಕು. ಈ ನಾಲ್ಕೇ Z. ನಾಲ್ಕು ತಾಮ್ರದ ಪರಮಾಣುಗಳ ತೂಕವನ್ನ ಒಂದು ಸೆಲ್‌ನ ಗಾತ್ರದಿಂದ ಭಾಗಿಸಿದ್ರೆ ಮುಗೀತು, ಅದೇ ಸಾಂದ್ರತೆ.

ಪ್ರತಿ ಸಲ ಕ್ಯಾಲ್ಕುಲೇಟರ್ ಒತ್ತೋ ಬದಲು ಇಷ್ಟು ಬರ್ಕೊಂಡೆ, ಇದರಲ್ಲಿ M ಅಂದ್ರೆ ಒಂದು ಮೋಲ್‌ನ ತೂಕ, NA ಅಂದ್ರೆ ಒಂದು ಮೋಲ್‌ನಲ್ಲಿರೋ ಪರಮಾಣುಗಳ ಸಂಖ್ಯೆ, ಅಂದ್ರೆ ಅವೊಗಾಡ್ರೊ ಸಂಖ್ಯೆ:

```python
NA = 6.02214076e23
def rho(Z, M, a_pm):
    a = a_pm * 1e-10      # pm -> cm
    return Z * M / (NA * a**3)

print(rho(4, 63.546, 361.49))   # Cu
```

ಕೈಲೂ ಒಂದ್ಸಲ ಹಾಕಿ ನೋಡಿದೆ. ಅಂಚು 361.49 ಪಿಕೋಮೀಟರ್, ಅಂದ್ರೆ 3.6149 × 10⁻⁸ ಸೆಂ.ಮೀ. ಅದರ ಘನ 4.724 × 10⁻²³ ಘನ ಸೆಂ.ಮೀ. ನಾಲ್ಕು ಪರಮಾಣುಗಳ ತೂಕ 4 × 63.546 ÷ (6.022 × 10²³), ಅದು 4.221 × 10⁻²² ಗ್ರಾಂ. ಭಾಗಿಸಿದ್ರೆ ಘನ ಸೆಂ.ಮೀ.ಗೆ 8.935 ಗ್ರಾಂ. ಪಿಕೋಮೀಟರನ್ನ ಸೆಂ.ಮೀ. ಮಾಡೋವಾಗ ಘಾತ ಒಂದು ಹೆಚ್ಚುಕಮ್ಮಿ ಆದ್ರೂ ಘನ ಮಾಡಿದ್ಮೇಲೆ ಉತ್ತರ ಸಾವಿರ ಪಟ್ಟು ಆಚೀಚೆ ಹೋಗತ್ತೆ, ಆದ್ರೆ ಲೋಹ ಅಂದ್ಮೇಲೆ ಸಾಂದ್ರತೆ ಸುಮಾರು ಅರ್ಧದಿಂದ ಇಪ್ಪತ್ತಮೂರರ ಒಳಗೇ ಇರಬೇಕು, ಹಂಗಾಗಿ ಅದು ಕಣ್ಣಿಗೆ ಬಿದ್ದೇ ಬೀಳತ್ತೆ.

ಕಣ್ಣಿಗೆ ಬೀಳದೇ ಇರೋದು ಅಂಚಿನಲ್ಲಿರೋ ಸಣ್ಣ ವ್ಯತ್ಯಾಸ. ಘನ ಆಗೋದ್ರಿಂದ ಅಂಚಿನಲ್ಲಿ ಶೇಕಡ 1 ತಪ್ಪಿದ್ರೆ ಸಾಂದ್ರತೆಲಿ ಹತ್ತಿರ ಹತ್ತಿರ ಶೇಕಡ 3 ತಪ್ಪತ್ತೆ. ತುಂಬಾ ಲೆಕ್ಕಗಳಲ್ಲಿ ಅಂಚು ಕೊಡಲ್ಲ, ತ್ರಿಜ್ಯ 128 ಪಿಕೋಮೀಟರ್ ಅಂತ ಕೊಟ್ಟು `a = 2√2 r` ಹಾಕ್ಕೊಳಿ ಅಂತಾರೆ (ಎಫ್‌ಸಿಸಿಲಿ ಪರಮಾಣುಗಳು ಒಂದಕ್ಕೊಂದು ತಾಗೋದು ಮುಖದ ಕರ್ಣದುದ್ದಕ್ಕೂ, ಅಂಚಿನುದ್ದಕ್ಕೆ ಅಲ್ಲ, ಅದಕ್ಕೇ ಆ ಸೂತ್ರ). ಹಂಗೆ ಮಾಡಿದ್ರೆ ಅಂಚು 362.04 ಬಂದು ಸಾಂದ್ರತೆ 8.895ಕ್ಕೆ ಇಳಿಯತ್ತೆ. ನಿಜವಾದ ಅಂಚಿಗೆ ಹೊಂದೋ ತ್ರಿಜ್ಯ 127.8, ಅದನ್ನ 128 ಅಂತ ದುಂಡಗೆ ಮಾಡಿದ್ದಕ್ಕೇ ಇಷ್ಟು ಬದಲಾವಣೆ. ಅದಕ್ಕೆ ನನ್ನ ಮಟ್ಟಿಗೆ ಎಕ್ಸ್-ರೇಯಿಂದ ಅಳೆದ ಅಂಚು ಸಿಕ್ಕರೆ ತ್ರಿಜ್ಯದ ದಾರಿ ಹಿಡಿಯೋದೇ ಬೇಡ.

ಇನ್ನು ತೂಕ. ನನ್ನ ಹತ್ರ ಇರೋ ಡಿಜಿಟಲ್ ತಕ್ಕಡಿ 0.01 ಗ್ರಾಂವರೆಗೆ ತೋರ್ಸತ್ತೆ. ತಾಮ್ರದ ತುಂಡು 44.68 ಗ್ರಾಂ. ಆಮೇಲೆ ಒಂದು ಲೋಟ ನೀರನ್ನ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ತುಂಡನ್ನ ತೆಳ್ಳಗಿನ ದಾರಕ್ಕೆ ಕಟ್ಟಿ ಪೂರ್ತಿ ಮುಳುಗೋ ಹಂಗೆ ಆದ್ರೆ ತಳಕ್ಕೂ ಗೋಡೆಗೂ ತಾಗದ ಹಂಗೆ ಇಳಿಬಿಟ್ಟೆ, ಆಗ ತಕ್ಕಡಿ ತೋರ್ಸೋದು ತುಂಡಿನ ತೂಕ ಅಲ್ಲ, ತುಂಡು ಪಕ್ಕಕ್ಕೆ ಸರಿಸಿದಷ್ಟು ನೀರಿನ ತೂಕ. ಮೊದಲು 5.06 ತೋರ್ಸ್ತು. ಹತ್ರ ಹೋಗಿ ನೋಡಿದ್ರೆ ತುಂಡಿನ ಕೆಳಗಡೆ ಅಂಚಿಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲಾಗಿ ಅಂಟ್ಕೊಂಡಿದ್ವು. ಗುಳ್ಳೆನೂ ನೀರನ್ನ ಸರಿಸತ್ತೆ, ಹಂಗಾಗಿ ಲೋಹದ ಗಾತ್ರ ಜಾಸ್ತಿ ಇರೋ ಹಂಗೆ ಕಾಣತ್ತೆ, ಸಾಂದ್ರತೆ 8.81ಕ್ಕೆ ಬೀಳತ್ತೆ. ಒಂದು ಹನಿ ಪಾತ್ರೆ ತೊಳೆಯೋ ಸೋಪ್ ನೀರಿಗೆ ಹಾಕಿ, ಮತ್ತೆ ಸೊನ್ನೆ ಮಾಡಿ, ತುಂಡನ್ನ ನೀರೊಳಗೇ ಸ್ವಲ್ಪ ಅಲ್ಲಾಡಿಸಿದ ಮೇಲೆ ಗುಳ್ಳೆ ಬಿಟ್ಟು ಹೋದ್ವು, ರೀಡಿಂಗ್ 5.01ಕ್ಕೆ ಬಂದು ನಿಂತ್ಕೊಳ್ತು. ಅಲ್ಲಾಡಿಸಿದಾಗ ರೀಡಿಂಗ್ ಇಳೀತಾ ಇದೆ ಅಂದ್ರೆ ಇನ್ನೂ ಗುಳ್ಳೆ ಇದೆ ಅಂತ.

ನೀರಿನ ಸಾಂದ್ರತೆ 22 ಡಿಗ್ರಿಲಿ 0.9978, ಹಂಗಾಗಿ 44.68 ÷ 5.01 × 0.9978 = 8.90. ಲೆಕ್ಕ ಹೇಳಿದ್ದು 8.935. ವ್ಯತ್ಯಾಸ ಶೇಕಡ 0.4. ರೀಡಿಂಗ್ 4.99 ಬಂದಿದ್ರೆ ಸರಿಯಾಗಿ 8.93 ಆಗ್ತಿತ್ತು, ಅಂದ್ರೆ ಇಡೀ ವ್ಯತ್ಯಾಸ ತಕ್ಕಡಿಯ ಕೊನೆ ಅಂಕಿಲಿ ಎರಡರಷ್ಟೇ, ಮುಳುಗಿರೋ ದಾರದ ತುಣುಕು ಒಂದೇ ಸಾಕು ಅಷ್ಟಕ್ಕೆ. ಹಲವು ಟೇಬಲ್‌ಗಳಲ್ಲಿ ತಾಮ್ರಕ್ಕೆ 8.96 ಅಂತಿದೆ. ನಾನು ಹೋಲಿಸೋಕೆ 8.935ನ್ನೇ ಇಟ್ಕೊಂಡಿದೀನಿ, ಯಾಕಂದ್ರೆ ಅದು ಒಂದು ಪರಮಾಣುನೂ ಖಾಲಿ ಇಲ್ಲದ ಹರಳಿನ ಲೆಕ್ಕ, ನಿಜವಾದ ತುಂಡಲ್ಲಿ ಖಾಲಿ ಜಾಗ, ಸಣ್ಣ ರಂಧ್ರ ಇದ್ರೆ ಸಾಂದ್ರತೆ ಅದಕ್ಕಿಂತ ಕಮ್ಮಿ ಆಗಬೇಕೇ ಹೊರತು ಹೆಚ್ಚಾಗೋಕೆ ದಾರಿ ಕಾಣಲ್ಲ.

ನಂಗೆ ಇಡೀ ಪ್ರಾಜೆಕ್ಟ್‌ನಲ್ಲಿ ಜಾಸ್ತಿ ಖುಷಿ ಕೊಟ್ಟಿದ್ದು ಸೂತ್ರನ ತಿರುಗಿಸಿ ಹಾಕಿದ್ದು. ಅಳೆದ 8.90 ಇಟ್ಕೊಂಡು Z ಎಷ್ಟು ಅಂತ ಕೇಳಿದ್ರೆ, `Z = ρ a³ NA / M`, ಉತ್ತರ 3.98. ಸೆಲ್‌ನಲ್ಲಿರೋ ಪರಮಾಣುಗಳ ಸಂಖ್ಯೆ ಪೂರ್ಣಾಂಕನೇ ಆಗಿರಬೇಕು, ಹಂಗಾಗಿ ಇದು ನಾಲ್ಕೇ, ಎರಡಾಗೋಕೆ ಸಾಧ್ಯವೇ ಇಲ್ಲ. ಗುಳ್ಳೆ ಇದ್ದ ರೀಡಿಂಗ್ ಹಾಕಿದ್ರೂ 3.94 ಬರತ್ತೆ, ಆಗಲೂ ನಾಲ್ಕೇ. ಒಂದು ದಾರ, ಒಂದು ಲೋಟ ನೀರಲ್ಲಿ ಅಷ್ಟು ಸಣ್ಣ ಡಬ್ಬಿಯೊಳಗೆ ಎಷ್ಟು ಪರಮಾಣು ಕೂತಿವೆ ಅಂತ ಖಚಿತವಾಗಿ ಗೊತ್ತಾಗೋದು ನಂಗೆ ಈಗಲೂ ಆಶ್ಚರ್ಯನೇ. Z ನಾಲ್ಕು ಅಂತ ಒಪ್ಕೊಂಡು ಅವೊಗಾಡ್ರೊ ಸಂಖ್ಯೆ ಕೇಳಿದ್ರೆ 6.05 × 10²³ ಬರತ್ತೆ. ಇದೇ ತರ್ಕನ ಸುಮಾರು ಒಂದು ಕೆಜಿಯ ಸಿಲಿಕಾನ್-28 ಗೋಳದ ಮೇಲೆ ಅತಿ ನಿಖರವಾಗಿ ಮಾಡಿದಾರೆ, ಅಲ್ಲಿ ಸೆಲ್‌ಗೆ ಎಂಟು ಪರಮಾಣು, 2019ರಲ್ಲಿ ಅವೊಗಾಡ್ರೊ ಸಂಖ್ಯೆನ ಸ್ಥಿರ ಮಾಡೋದಕ್ಕೂ ಆ ಅಳತೆಗಳು ಬಳಕೆ ಆದ್ವು.

ತೂಕದಿಂದ ಯಾವ ಲೋಹ ಅಂತ ಕಂಡುಹಿಡಿಯೋಕೆ ಮಾತ್ರ ಇದು ಯಾವಾಗ್ಲೂ ಸಾಕಾಗಲ್ಲ. ಚಿನ್ನದ ಅಂಚು 407.82, Z ನಾಲ್ಕು, ಸಾಂದ್ರತೆ 19.29. ಟಂಗ್‌ಸ್ಟನ್ ಬಿಸಿಸಿ, ಅಂದ್ರೆ ಎಂಟು ಮೂಲೆ ಜೊತೆ ಘನದ ನಡುಮಧ್ಯದಲ್ಲಿ ಒಂದು ಪರಮಾಣು, ಅಂಚು 316.52, Z ಎರಡೇ, ಸಾಂದ್ರತೆ 19.25. ಒಂದರದ್ದು ದೊಡ್ಡ ಡಬ್ಬಿ ನಾಲ್ಕು ಪರಮಾಣು, ಇನ್ನೊಂದರದ್ದು ಅರ್ಧಕ್ಕಿಂತ ಚಿಕ್ಕ ಡಬ್ಬಿ ಎರಡು ಪರಮಾಣು, ಕೊನೆಗೆ ಎರಡೂ ಒಂದೇ ಕಡೆ ಬಂದು ನಿಲ್ತವೆ. ನನ್ನ ತಕ್ಕಡಿಗೆ ಇವೆರಡರ ವ್ಯತ್ಯಾಸ ಗೊತ್ತೇ ಆಗಲ್ಲ, ಎಕ್ಸ್-ರೇಗಾದ್ರೆ ಅಂಚು ನೋಡಿದ ತಕ್ಷಣ ಗೊತ್ತಾಗತ್ತೆ.

ಮುಂದೆ ಅಲ್ಯೂಮಿನಿಯಂ. ಅಂಚು 404.95, Z ನಾಲ್ಕು, ಅಂದ್ರೆ ಸೆಲ್ ಹೆಚ್ಚುಕಮ್ಮಿ ಚಿನ್ನದಷ್ಟೇ ದೊಡ್ಡದು, ಒಳಗಿನ ಪರಮಾಣು ಮಾತ್ರ ಹಗುರ, ಲೆಕ್ಕದಲ್ಲಿ 2.70. ಇಷ್ಟೇ ತೂಕದ ಅಲ್ಯೂಮಿನಿಯಂ ತುಂಡು ಸುಮಾರು 16.5 ಗ್ರಾಂ ನೀರು ಸರಿಸಬೇಕು, ಹಂಗಾಗಿ ತಕ್ಕಡಿಯ ಕೊನೆ ಅಂಕಿಯ ಪ್ರಭಾವ ತಾಮ್ರದಲ್ಲಿದ್ದ ಶೇಕಡ 0.2ರಿಂದ 0.06ಕ್ಕೆ ಇಳಿಯತ್ತೆ. ದಾರದ ಬದಲು ತೆಳು ನೈಲಾನ್ ಎಳೆ ಹಾಕಿ, ಬರೀ ಎಳೆಯನ್ನೇ ಅಷ್ಟೇ ಆಳಕ್ಕೆ ಮುಳುಗಿಸಿ ಮೊದಲು ಸೊನ್ನೆ ಮಾಡ್ಕೊಂಡು ತೂಗ್ತೀನಿ.